ಕೈಗಾರಿಕಾ ಕ್ರಾಂತಿಯನ್ನು ಐದು ನಿಮಿಷದಲ್ಲಿ ಹೇಳುವುದು

ಐದು ನಿಮಿಷ ಅಂದರೆ ಹೆಚ್ಚುಕಡಿಮೆ 400 ಪದ. ತರಗತಿಯ ಮುಂದೆ ನಿಂತು, ಕೊನೆಯ ಬೆಂಚಿಗೂ ಕೇಳುವ ಹಾಗೆ ಕನ್ನಡದಲ್ಲಿ ಮಾತಾಡಿದರೆ ನಿಮಿಷಕ್ಕೆ 80ರಿಂದ 90 ಪದ ಆಗುತ್ತದೆ. ಸ್ಲೈಡ್ ಬದಲಿಸುವುದಕ್ಕೆ, ಉಸಿರು ತೆಗೆದುಕೊಳ್ಳುವುದಕ್ಕೆ ಸ್ವಲ್ಪ ಹೊತ್ತು ಬಿಟ್ಟರೆ ಕೈಗೆ ಸಿಗುವುದು 380 ಪದ. ಕೈಬರಹದಲ್ಲಿ ಎರಡು ಪುಟ, ಅಷ್ಟೇ.

ನಾನು ಪಿಯು ಮಕ್ಕಳಿಗೆ ಇತಿಹಾಸ ಹೇಳುತ್ತೇನೆ. ಕೈಗಾರಿಕಾ ಕ್ರಾಂತಿಯ ಬಗ್ಗೆ ಮಕ್ಕಳು ಮಾಡುವ ಪ್ರೆಸೆಂಟೇಶನ್‌ಗಳಿಗೆ ಒಂದೇ ಅಚ್ಚು. ಮೊದಲ ಸ್ಲೈಡ್ ಅರ್ಥ, ಎರಡನೆಯದು ಕಾರಣಗಳು, ಮೂರನೆಯದು ಸಂಶೋಧನೆಗಳು, ನಾಲ್ಕನೆಯದು ಪರಿಣಾಮಗಳು, ಕೊನೆಗೆ ಧನ್ಯವಾದಗಳು. ಸಂಶೋಧನೆಗಳ ಸ್ಲೈಡಿನಲ್ಲಿ ಏಳು ಹೆಸರು, ಏಳು ಇಸವಿ. ಜಾನ್ ಕೇ, ಹಾರ್‌ಗ್ರೀವ್ಸ್, ಆರ್ಕ್‌ರೈಟ್, ಕ್ರಾಂಪ್ಟನ್, ಕಾರ್ಟ್‌ರೈಟ್, ವ್ಯಾಟ್, ಸ್ಟೀಫನ್‌ಸನ್. ಒಬ್ಬೊಬ್ಬರಿಗೆ ಹತ್ತು ಸೆಕೆಂಡು ಸಿಗುತ್ತದೆ. ಹತ್ತು ಸೆಕೆಂಡಿನಲ್ಲಿ ಹೆಸರು ಹೇಳಬಹುದು, ಅವನು ಯಾಕೆ ಆ ಯಂತ್ರ ಮಾಡಿದ ಅಂತ ಹೇಳಲಾಗುವುದಿಲ್ಲ. ಆದರೆ ಇಡೀ ಪಾಠದ ಜೀವ ಇರುವುದು ಆ 'ಯಾಕೆ'ಯಲ್ಲೇ. ಈ ಯಂತ್ರಗಳು ಒಂದರ ಹಿಂದೆ ಒಂದು ಸುಮ್ನೆ ಬಂದವಲ್ಲ. ಒಂದು ಯಂತ್ರ ಹುಟ್ಟಿಸಿದ ತೊಂದರೆಯನ್ನು ಮುಂದಿನದು ಬಿಡಿಸಿತು.

ಅಕ್ಕನ ಮಗಳು ಒಂಬತ್ತನೇ ತರಗತಿ. ಅವಳಿಗೆ ಶಾಲೆಯಲ್ಲಿ ಇದೇ ವಿಷಯ ಕೊಟ್ಟಾಗ ನಾವಿಬ್ಬರೂ ಕೂತು ಮಾಡಿದ ಮೊದಲ ಕೆಲಸ, ಪಾಠವನ್ನು ಒಂದು ಪ್ರಶ್ನೆಗೆ ಇಳಿಸಿದ್ದು: ನೂಲುವ ಕೆಲಸ ಮೊದಲು ಯಂತ್ರಕ್ಕೆ ಹೋಗಿದ್ದು ಯಾಕೆ? ಕಲ್ಲಿದ್ದಲು, ಕಬ್ಬಿಣ, ರೈಲು, ಉಳುಮೆಯ ಬದಲಾವಣೆ, ಎಲ್ಲವನ್ನೂ ಬಿಟ್ಟೆವು.

"ಮಾಮ, ರೈಲು ಬಿಟ್ರೆ ಮಿಸ್ ಮಾರ್ಕ್ಸ್ ಕಟ್ ಮಾಡಲ್ವಾ?" ಅಂತ ಕೇಳಿದಳು.

"ಶೀರ್ಷಿಕೆಯಲ್ಲೇ 'ಹತ್ತಿ ಬಟ್ಟೆಯ ಕಥೆ' ಅಂತ ಹಾಕು. ಆಗ ರೈಲು ಎಲ್ಲಿ ಅಂತ ಯಾರೂ ಕೇಳುವುದಿಲ್ಲ" ಅಂದೆ. ನಾನು ಮಾರ್ಕ್ಸ್ ಕೊಡುವಾಗಲೂ ಹಾಗೇ. ವಿಷಯವನ್ನು ಎಲ್ಲಿಂದ ಎಲ್ಲಿಯವರೆಗೆ ಹೇಳುತ್ತೇನೆ ಅಂತ ಮೊದಲೇ ಹೇಳಿದ ಮಗುವಿಗೆ ಬಿಟ್ಟುಹೋದದ್ದನ್ನು ಕೇಳುವುದಿಲ್ಲ.

ಈಗ ವಿಷಯಕ್ಕೆ ಬರೋಣ. ಬಟ್ಟೆಯಲ್ಲಿ ಎರಡು ಬಗೆಯ ನೂಲು ಇರುತ್ತದೆ. ಮಗ್ಗದ ಉದ್ದಕ್ಕೂ ಬಿಗಿದು ಕಟ್ಟಿದ್ದು ಹಾಸು. ಅದರ ನಡುವೆ ಅಡ್ಡಡ್ಡ ಓಡಾಡುವುದು ಹೊಕ್ಕು. ಹೊಕ್ಕಿನ ನೂಲನ್ನು ಹೊತ್ತುಕೊಂಡು ಹೋಗುವುದು ಲಾಳಿ. ಹಳೆಯ ಮಗ್ಗದಲ್ಲಿ ನೇಕಾರ ಲಾಳಿಯನ್ನು ಒಂದು ಕೈಯಿಂದ ಎಸೆದು ಇನ್ನೊಂದು ಕೈಯಲ್ಲಿ ಹಿಡಿಯಬೇಕಿತ್ತು. ಹಾಗಾಗಿ ಬಟ್ಟೆಯ ಅಗಲ ಅವನ ತೋಳಿನ ಅಳತೆ ಮೀರುವಂತಿರಲಿಲ್ಲ. ಅಗಲ ಬಟ್ಟೆ ಬೇಕೆಂದರೆ ಮಗ್ಗದ ಆಚೆ ಒಬ್ಬ, ಈಚೆ ಒಬ್ಬ ಕೂರಬೇಕಿತ್ತು. 1733ರಲ್ಲಿ ಲ್ಯಾಂಕಷೈರಿನ ಜಾನ್ ಕೇ ಲಾಳಿಗೆ ಪುಟ್ಟ ಚಕ್ರ ಹಾಕಿದ, ಅದು ಓಡುವುದಕ್ಕೊಂದು ಹಳಿಯಂಥ ಪಟ್ಟಿ ಇಟ್ಟ, ಎರಡೂ ತುದಿಗೆ ಹಗ್ಗ ಕಟ್ಟಿದ. ನೇಕಾರ ನಡುವೆ ಕೂತು ಹಗ್ಗ ಜಗ್ಗಿದರೆ ಸಾಕು, ಲಾಳಿ ಆಚೆಯಿಂದ ಈಚೆಗೆ ತಾನೇ ಓಡುತ್ತಿತ್ತು. ಒಬ್ಬನೇ ಅಗಲ ಬಟ್ಟೆ ನೇಯುವಂತಾಯಿತು, ಅದೂ ಬೇಗ.

ಆದರೆ ನೂಲುವುದು ಮೊದಲಿನ ಹಾಗೇ ಉಳಿಯಿತು. ರಾಟೆಯ ಮುಂದೆ ಒಬ್ಬ ಹೆಂಗಸು, ಒಂದು ಕದಿರು, ಒಂದು ಎಳೆ. ಒಂದು ಮಗ್ಗಕ್ಕೆ ನೂಲು ಒದಗಿಸುವುದಕ್ಕೆ ಮುಂಚೆಯೂ ಮೂರು ನಾಲ್ಕು ಜನ ನೂಲಬೇಕಿತ್ತು. ಈಗ ಅಷ್ಟು ಜನರೂ ಸಾಲಲಿಲ್ಲ. ನೂಲು ಹುಡುಕಿಕೊಂಡು ನೇಕಾರರು ಮನೆಮನೆ ಅಲೆಯುವ ಸ್ಥಿತಿ ಬಂತು. ನಾವು ಇಟ್ಟುಕೊಂಡ ಪ್ರಶ್ನೆಗೆ ಉತ್ತರದ ಮೊದಲ ಅರ್ಧ ಇಲ್ಲಿದೆ. ಮಗ್ಗ ಮುಂದೆ ಓಡಿತು, ರಾಟೆ ಹಿಂದೆ ಬಿತ್ತು.

ಇದನ್ನು ಸ್ಲೈಡಿಗೆ ಹಾಕುವಾಗ ಅವಳು ಮೇಲಿನ ಇಷ್ಟನ್ನೂ ಬರೆಯಹೊರಟಳು. ಸ್ಲೈಡ್ ಮೇಲೆ ಏನು ಇರಬೇಕು, ನೋಟ್ಸ್‌ನಲ್ಲಿ ಏನು ಇರಬೇಕು ಅನ್ನುವುದು ಇಲ್ಲೇ ತೀರ್ಮಾನ ಆಗಬೇಕು. ತೆರೆಯ ಮೇಲೆ ಪೂರ್ತಿ ವಾಕ್ಯ ಕಂಡರೆ ಮಕ್ಕಳು ಓದುತ್ತಾರೆ. ಓದುವಾಗ ಮಾತು ಕೇಳಿಸುವುದಿಲ್ಲ. ಓದಿ ಮುಗಿಸಿದ ಮೇಲೆ, ಅದನ್ನೇ ಮತ್ತೆ ಹೇಳುವವಳ ಮಾತು ಬೇಕಾಗಿಲ್ಲ. ಅದಕ್ಕೆ ನಾನು ಹೇಳುವುದು ಇಷ್ಟು: ಕಣ್ಣಿಗೆ ಬೇಕಾದದ್ದು ಸ್ಲೈಡಿಗೆ, ಕಿವಿಗೆ ಬೇಕಾದದ್ದು ನೋಟ್ಸಿಗೆ. ಇಸವಿ, ಹೆಸರು, ಚಿತ್ರ, ಅಂಕಿ, ಇವು ಕಣ್ಣಿನ ಪಾಲು. 'ಆದ್ದರಿಂದ', 'ಆದರೆ', 'ಅಷ್ಟರಲ್ಲಿ' ಅನ್ನುವ ಕೊಂಡಿಗಳೆಲ್ಲ ಬಾಯಿಯ ಪಾಲು.

ಕೊನೆಗೆ ಎರಡನೇ ಸ್ಲೈಡ್ ಹೀಗಾಯಿತು:

ಲಾಳಿ ಓಡಿತು, ನೂಲು ಸಾಲಲಿಲ್ಲ
- 1733: ಜಾನ್ ಕೇ, ಹಾರುವ ಲಾಳಿ
- ಒಂದು ಮಗ್ಗ, ಹಲವು ರಾಟೆ
- (ಚಿತ್ರ: ಮಗ್ಗದ ಗೆರೆಚಿತ್ರ, ಹಾಸು ನೀಲಿ, ಹೊಕ್ಕು ಕೆಂಪು)

ಅದರ ಕೆಳಗಿನ ನೋಟ್ಸ್:

"ನೀಲಿ ಗೆರೆ ಹಾಸು, ಕೆಂಪು ಗೆರೆ ಹೊಕ್ಕು. (ಬೆರಳು ತೋರಿಸು.) ಕೆಂಪು ನೂಲನ್ನು ಹೊತ್ತು ಓಡುವುದೇ ಲಾಳಿ. ಮೊದಲು ಅದನ್ನು ಕೈಯಿಂದ ಎಸೆಯುತ್ತಿದ್ದರು. ಅಗಲ ಬಟ್ಟೆಗೆ ಇಬ್ಬರು ಬೇಕಿತ್ತು. ಜಾನ್ ಕೇ ಲಾಳಿಗೆ ಹಗ್ಗ ಮತ್ತು ಚಕ್ರ ಕೊಟ್ಟ. ಈಗ ಒಬ್ಬನೇ ಸಾಕು, ಕೆಲಸವೂ ಬೇಗ. ಆದರೆ ನೂಲು? ಅದು ಇನ್ನೂ ಒಂದು ರಾಟೆಯಿಂದ ಒಂದೇ ಎಳೆ ಬರುತ್ತಿತ್ತು. ನೇಕಾರರು ನೂಲಿಗಾಗಿ ಕಾಯಬೇಕಾಯಿತು. (ನಿಲ್ಲು. ಮುಂದಿನ ಸ್ಲೈಡ್.)"

ನೋಟ್ಸ್‌ನಲ್ಲಿ ಎರಡು ಸಂಗತಿ ಗಮನಿಸಿ. ಒಂದು, ವಾಕ್ಯಗಳು ಅವಳು ಆಡುವ ಮಾತಿನ ಅಳತೆಯಲ್ಲಿವೆ. ಪಠ್ಯದ 'ಉತ್ಪಾದನಾ ಪ್ರಕ್ರಿಯೆಯಲ್ಲಿನ ಅಸಮತೋಲನ' ಅಂತ ಬರೆದುಕೊಂಡರೆ ನಾಲಿಗೆ ತೊಡರುತ್ತದೆ. ಎರಡು, ಕೈ ಏನು ಮಾಡಬೇಕು ಅನ್ನುವುದೂ ಕಂಸದಲ್ಲಿದೆ. ಎಲ್ಲಿ ಬೆರಳು ತೋರಿಸಬೇಕು, ಎಲ್ಲಿ ನಿಲ್ಲಬೇಕು ಅನ್ನುವುದನ್ನು ಬರೆದಿಟ್ಟುಕೊಳ್ಳದಿದ್ದರೆ ಗಾಬರಿಯಲ್ಲಿ ಅದೇ ಮೊದಲು ಮರೆತುಹೋಗುತ್ತದೆ.

ಮೂರನೇ ಸ್ಲೈಡ್ ಎಲ್ಲಕ್ಕಿಂತ ಮುಖ್ಯ. ಅದಕ್ಕೆ ಜಾಸ್ತಿ ಹೊತ್ತು ಕೊಟ್ಟೆವು, ಒಂದೂವರೆ ನಿಮಿಷ. 1764ರ ಸುಮಾರಿಗೆ ಜೇಮ್ಸ್ ಹಾರ್‌ಗ್ರೀವ್ಸ್ ಅನ್ನುವ ನೇಕಾರ ಒಂದೇ ಚಕ್ರ ತಿರುಗಿಸಿದರೆ ಎಂಟು ಕದಿರು ತಿರುಗುವ ಸ್ಪಿನ್ನಿಂಗ್ ಜೆನ್ನಿ ಮಾಡಿದ. 1770ರಲ್ಲಿ ಅವನು ಪೇಟೆಂಟ್ ಪಡೆಯುವ ಹೊತ್ತಿಗೆ ಕದಿರು 16 ಆಗಿತ್ತು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಂದ ನೇರ ಆರ್ಕ್‌ರೈಟ್‌ಗೆ ಜಿಗಿಯುತ್ತವೆ. ಹಾಗೆ ಜಿಗಿದರೆ, ಜೆನ್ನಿ ಇದ್ದ ಮೇಲೆ ಇನ್ನೊಂದು ನೂಲುವ ಯಂತ್ರ ಯಾಕೆ ಬೇಕಾಯಿತು ಅಂತ ಗೊತ್ತಾಗುವುದಿಲ್ಲ.

ಕಾರಣ ಹಾಸು-ಹೊಕ್ಕಿನಲ್ಲೇ ಇದೆ. ಜೆನ್ನಿಯ ನೂಲು ಮೆತ್ತಗೆ, ಎಳೆದರೆ ಹರಿಯುತ್ತಿತ್ತು. ಹೊಕ್ಕಿಗೆ ಅದು ಸಾಕು, ಹೊಕ್ಕಿನ ಮೇಲೆ ಎಳೆತ ಬೀಳುವುದಿಲ್ಲ. ಹಾಸು ಹಾಗಲ್ಲ. ಅದು ಇಡೀ ದಿನ ಮಗ್ಗದ ಮೇಲೆ ಬಿಗಿಯಾಗಿ ನಿಂತು ಏಟು ತಿನ್ನಬೇಕು. ಅದಕ್ಕಾಗಿ ಇಂಗ್ಲೆಂಡಿನಲ್ಲಿ ಹಾಸಿನ ನೂಲನ್ನು ಹತ್ತಿಯಲ್ಲಿ ಮಾಡದೆ ಲಿನನ್‌ನಲ್ಲಿ, ಅಂದರೆ ಅಗಸೆ ನಾರಿನಲ್ಲಿ ಮಾಡುತ್ತಿದ್ದರು. ಭಾರತದ ನೂಲುವವರು ಕೈಯಲ್ಲೇ ಗಟ್ಟಿಯಾದ, ತೆಳುವಾದ ಹತ್ತಿಯ ಹಾಸು ತೆಗೆಯುತ್ತಿದ್ದರು. ಇಂಗ್ಲೆಂಡಿನವರಿಗೆ ಆ ಕೈಚಳಕ ಇರಲಿಲ್ಲ.

1769ರಲ್ಲಿ ರಿಚರ್ಡ್ ಆರ್ಕ್‌ರೈಟ್ ಪೇಟೆಂಟ್ ಪಡೆದ ವಾಟರ್ ಫ್ರೇಮ್ ಆ ಕೈಚಳಕವನ್ನು ಉರುಳೆಗಳಿಗೆ ಕೊಟ್ಟಿತು. ಹಿಂದಿನ ಜೋಡಿ ಉರುಳೆ ನಿಧಾನಕ್ಕೆ ತಿರುಗುತ್ತದೆ. ಮುಂದಿನ ಜೋಡಿ ಅದಕ್ಕಿಂತ ಬೇಗ. ನಡುವೆ ಸಿಕ್ಕ ಹತ್ತಿಯ ಎಳೆ ಎಳೆಯಲ್ಪಟ್ಟು ತೆಳ್ಳಗಾಗುತ್ತದೆ, ಆಮೇಲೆ ಬಿಗಿಯಾಗಿ ಹುರಿಗೊಳ್ಳುತ್ತದೆ. ಇದನ್ನು ತರಗತಿಯಲ್ಲಿ ತೋರಿಸುವುದಕ್ಕೆ ವಿಡಿಯೋ ಬೇಡ. ಅವಳು ಒಂದು ಹಿಡಿ ಹತ್ತಿ ತೆಗೆದುಕೊಂಡು ಹೋದಳು. ಎಡಗೈ ಬೆರಳಲ್ಲಿ ಒತ್ತಿ ಹಿಡಿದು ಬಲಗೈಯಿಂದ ಮೆಲ್ಲಗೆ ಎಳೆಯುತ್ತಾ ಹೊಸೆದರೆ ದಾರ ಬರುತ್ತದೆ. ಹೊಸೆಯದೆ ಎಳೆದರೆ ಹರಿದು ಕೈಗೆ ಬರುತ್ತದೆ. ಹಾಸಿನ ನೂಲಿಗೂ ಹೊಕ್ಕಿನ ನೂಲಿಗೂ ಇರುವ ವ್ಯತ್ಯಾಸ ಹತ್ತು ಸೆಕೆಂಡಿನಲ್ಲಿ ಎಲ್ಲರ ಕಣ್ಣಿಗೂ ಬಿತ್ತು.

ಆರ್ಕ್‌ರೈಟನ ಯಂತ್ರ ಭಾರ, ಮನೆಯ ಮೂಲೆಯಲ್ಲಿ ಇಟ್ಟು ಕೈಯಿಂದ ತಿರುಗಿಸುವಂಥದ್ದಲ್ಲ. ಅದಕ್ಕೆ ನೀರು ಬೀಳುವ ಜಾಗ ಬೇಕು. ಅದಕ್ಕೇ ಅವನು 1771ರಲ್ಲಿ ಡರ್ಬಿಷೈರಿನ ಕ್ರಾಂಫರ್ಡ್ ಅನ್ನುವ ಸಣ್ಣ ಊರಿಗೆ ಹೋಗಿ ಗಿರಣಿ ಕಟ್ಟಿದ. ಜನ ಯಂತ್ರ ಇದ್ದಲ್ಲಿಗೆ ಬರಬೇಕಾಯಿತು, ಗಂಟೆ ಹೊಡೆದಾಗ ಬರಬೇಕಾಯಿತು. ಕಾರ್ಖಾನೆ ಅನ್ನುವುದು ಹುಟ್ಟಿದ ಬಗೆ ಇದು. ನೋಟ್ಸ್‌ನಲ್ಲಿ ಈ ಮಾತಿಗೆ ಎರಡು ವಾಕ್ಯ ಕೊಟ್ಟೆವು. ಕ್ರಾಂಪ್ಟನ್ನನ 1779ರ ಮ್ಯೂಲ್‌ಗೆ ಒಂದೇ ವಾಕ್ಯ: ಜೆನ್ನಿ ಮತ್ತು ವಾಟರ್ ಫ್ರೇಮ್ ಎರಡರ ಗುಣವನ್ನೂ ಸೇರಿಸಿದ ಯಂತ್ರ, ಅದರಿಂದ ತೆಳುವಾದ ನೂಲೂ ಸಾಧ್ಯವಾಯಿತು.

ಇಲ್ಲಿ ಅವಳು ಕೇಳಿದಳು, "ಮಾಮ, ಕೆಟಲ್ ಕಥೆ ಹಾಕ್ಲಾ? ಎಲ್ರಿಗೂ ಇಷ್ಟ ಆಗುತ್ತೆ."

ಜೇಮ್ಸ್ ವ್ಯಾಟ್ ಕೆಟಲಿನ ಮುಚ್ಚಳ ಕುಣಿಯುವುದನ್ನು ನೋಡಿ ಉಗಿಯಂತ್ರ ಕಂಡುಹಿಡಿದ ಅನ್ನುವ ಕಥೆ ಪ್ರತಿ ವರ್ಷವೂ ಯಾವುದಾದರೂ ಸ್ಲೈಡಿನಲ್ಲಿ ಇದ್ದೇ ಇರುತ್ತದೆ. ಬೇಡ ಅಂದೆ. ವ್ಯಾಟ್ ಹುಟ್ಟುವ ಮುಂಚೆಯೇ, 1712ರಲ್ಲಿ, ಥಾಮಸ್ ನ್ಯೂಕಾಮನ್‌ನ ಉಗಿಯಂತ್ರ ಕಲ್ಲಿದ್ದಲ ಗಣಿಯಿಂದ ನೀರು ಎತ್ತುತ್ತಿತ್ತು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿದ್ದ ಅದರ ಒಂದು ಮಾದರಿಯನ್ನು ರಿಪೇರಿ ಮಾಡುವಾಗ ವ್ಯಾಟ್‌ಗೆ ಅದರಲ್ಲಿ ಎಷ್ಟು ಉಗಿ ಪೋಲಾಗುತ್ತಿದೆ ಅಂತ ಹೊಳೆಯಿತು. ಒಂದೇ ಸಿಲಿಂಡರನ್ನು ಪ್ರತಿ ಸಲ ಕಾಯಿಸಿ ತಣಿಸುವ ಬದಲು, ಉಗಿಯನ್ನು ತಣಿಸುವುದಕ್ಕೆ ಬೇರೆಯೇ ಪಾತ್ರೆ ಇಟ್ಟ. ಕಲ್ಲಿದ್ದಲಿನ ಖರ್ಚು ಬಹಳ ಇಳಿಯಿತು. ಇದು ಕೆಟಲಿಗಿಂತ ಒಳ್ಳೆಯ ಕಥೆ. ಆದರೂ ನಮ್ಮ ಐದು ನಿಮಿಷಕ್ಕೆ ಸೇರಲಿಲ್ಲ. ಮೊದಲ ಗಿರಣಿಗಳು ನಡೆದದ್ದು ನೀರಿನಿಂದ. ಹತ್ತಿ ನೂಲುವ ಗಿರಣಿಗೆ ವ್ಯಾಟ್‌ನ ಉಗಿಯಂತ್ರ ಬಂದದ್ದು 1785ರಲ್ಲಿ, ಪಾಪಲ್‌ವಿಕ್ ಅನ್ನುವಲ್ಲಿ. 'ಉಗಿಯಂತ್ರದಿಂದ ಕೈಗಾರಿಕಾ ಕ್ರಾಂತಿ ಶುರುವಾಯಿತು' ಅಂತ ಒಂದು ಪಾಯಿಂಟ್ ಹಾಕಿದರೆ ಮೂರನೇ ಸ್ಲೈಡಿನಲ್ಲಿ ಹೇಳಿದ್ದೆಲ್ಲ ತಲೆಕೆಳಗಾಗುತ್ತದೆ.

ನಾಲ್ಕನೇ ಸ್ಲೈಡಿನಲ್ಲಿ ಅಂಕಿ ಮಾತ್ರ. ತೆಳುವಾದ ನೂಲು ತೆಗೆಯುವಾಗ 100 ಪೌಂಡ್, ಅಂದರೆ ಸುಮಾರು 45 ಕೆಜಿ ಹತ್ತಿಗೆ ಎಷ್ಟು ಗಂಟೆಯ ಕೆಲಸ ಬೇಕಿತ್ತು ಅನ್ನುವುದಕ್ಕೆ ಇತಿಹಾಸಕಾರರು ಬಳಸುವ ಒಂದು ಅಂದಾಜು ಇದೆ:

100 ಪೌಂಡ್ ಹತ್ತಿ ನೂಲಲು ಎಷ್ಟು ಗಂಟೆ?
- ಭಾರತದ ಕೈನೂಲು: 50,000
- ಕ್ರಾಂಪ್ಟನ್ ಮ್ಯೂಲ್, 1780: 2,000
- ರಾಬರ್ಟ್ಸ್‌ನ ಸ್ವಯಂಚಾಲಿತ ಮ್ಯೂಲ್, 1825: 135

ಈ ಅಂಕಿಗಳನ್ನು ಓದಿ ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲ. 50,000 ಗಂಟೆ ಎಷ್ಟು ದೊಡ್ಡದು ಅಂತ ಹದಿನಾಲ್ಕು ವರ್ಷದ ಮಗುವಿಗೆ ಹೇಗೆ ಗೊತ್ತಾಗಬೇಕು? ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ಅಂತ ಇಬ್ಬರೂ ಲೆಕ್ಕ ಹಾಕಿದೆವು. ನೋಟ್ಸ್‌ಗೆ ಹೋದದ್ದು ಹೀಗೆ: "ಕೈಯಲ್ಲಿ ಒಬ್ಬರೇ ನೂಲಿದರೆ ಹದಿನಾರು ವರ್ಷಕ್ಕೂ ಮೇಲೆ. ನಾವು ಈ ಕ್ಲಾಸಲ್ಲಿರೋರು ಹುಟ್ಟಿದ ದಿನದಿಂದ ಶುರು ಮಾಡಿದ್ರೂ ಇನ್ನೂ ಮುಗಿದಿರ್ತಿರಲಿಲ್ಲ. ಮ್ಯೂಲ್‌ನಲ್ಲಿ ಎಂಟು ತಿಂಗಳು. 1825ರ ಯಂತ್ರದಲ್ಲಿ ಎರಡು ವಾರ. ಇವು ಅಂದಾಜು ಲೆಕ್ಕ." ಕೊನೆಯ ಮೂರು ಪದಗಳನ್ನು ಬಿಡಬಾರದು ಅಂತ ಹೇಳಿದೆ. ಅಂಕಿ ಎಲ್ಲಿಂದ ಬಂತು, ಎಷ್ಟು ಗಟ್ಟಿ ಅಂತ ಹೇಳುವುದು ಇತಿಹಾಸ ಓದುವವರ ಕೆಲಸ.

ಐದನೇ ಸ್ಲೈಡ್, ಇದರ ಬೆಲೆ ಯಾರು ತೆತ್ತರು ಅನ್ನುವುದು. ಇಲ್ಲೊಂದು ಅಪಾಯ ಇದೆ, ಅದು ಚಿತ್ರದ್ದು. 'ಗಿರಣಿ ಮಕ್ಕಳು' ಅಂತ ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಸಾಲು ಯಂತ್ರಗಳ ಪಕ್ಕ ಬರಿಗಾಲಲ್ಲಿ ನಿಂತ ಮಕ್ಕಳ ಫೋಟೋಗಳು ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಲೂಯಿಸ್ ಹೈನ್ 1908ರಿಂದ ಈಚೆಗೆ ಅಮೆರಿಕದಲ್ಲಿ ತೆಗೆದವು. ಅವನ್ನು ಆರ್ಕ್‌ರೈಟನ ಕಾಲಕ್ಕೆ ಅಂಟಿಸುವ ಹಾಗಿಲ್ಲ. ಫೋಟೋಗ್ರಫಿ ಜಗತ್ತಿಗೆ ಗೊತ್ತಾದದ್ದೇ 1839ರಲ್ಲಿ. ಅದಕ್ಕೂ ಹಿಂದಿನ ಕಾಲದ ಬಗ್ಗೆ ಸ್ಲೈಡ್ ಮೇಲೆ ಫೋಟೋ ಕಂಡರೆ ಅನುಮಾನ ಪಡಬೇಕು. ಆ ಕಾಲದ್ದು ಬೇಕೆಂದರೆ ಕೆತ್ತನೆ ಚಿತ್ರಗಳು ಸಿಗುತ್ತವೆ. ನಾವು ಚಿತ್ರವೇ ಬೇಡ ಅಂತ ಬಿಟ್ಟು, 1833ರ ಕಾರ್ಖಾನೆ ಕಾಯ್ದೆಯ ಎರಡು ಸಾಲು ಹಾಕಿದೆವು: ಬಟ್ಟೆ ಗಿರಣಿಯಲ್ಲಿ 9 ವರ್ಷದೊಳಗಿನವರು ಕೆಲಸ ಮಾಡಬಾರದು. 9ರಿಂದ 13 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 9 ಗಂಟೆ, ವಾರಕ್ಕೆ 48 ಗಂಟೆ. ಇದನ್ನು ನಿಯಮ ಅಂತ ಓದುವುದಕ್ಕಿಂತ, ಈ ನಿಯಮ ಬರುವ ಮುಂಚೆ ಏನು ನಡೆಯುತ್ತಿತ್ತು ಅಂತ ಕೇಳಿಕೊಳ್ಳುವುದು ಸರಿ. ಎಂಟು ವರ್ಷದ ಮಕ್ಕಳು ಅಲ್ಲಿ ಇದ್ದದ್ದಕ್ಕೇ ಅಲ್ವಾ ಈ ಕಾಯ್ದೆ ಬೇಕಾದದ್ದು? ಅವಳ ನೋಟ್ಸ್‌ನಲ್ಲಿ ಇದು ಪ್ರಶ್ನೆಯಾಗಿಯೇ ಇದೆ. ಕೇಳಿ, ಎರಡು ಉಸಿರಿನಷ್ಟು ಹೊತ್ತು ಸುಮ್ಮನಿರಬೇಕು ಅಂತ ಪಕ್ಕದಲ್ಲಿ ಬರೆದಿದ್ದಾಳೆ.

ಅದೇ ಸ್ಲೈಡಿನಲ್ಲಿ ನಮ್ಮ ದೇಶಕ್ಕೆ ಒಂದು ಸಾಲು ಇಟ್ಟೆವು. ಭಾರತದ ಬಣ್ಣದ ಹತ್ತಿ ಬಟ್ಟೆ ಇಂಗ್ಲೆಂಡಿನಲ್ಲಿ ಎಷ್ಟು ಓಡುತ್ತಿತ್ತು ಅಂದರೆ, ಅಲ್ಲಿನ ಉಣ್ಣೆ, ರೇಷ್ಮೆಯವರ ಒತ್ತಡಕ್ಕೆ 1700ರಲ್ಲಿ ಅದರ ಆಮದನ್ನು, 1721ರಲ್ಲಿ ಅಂಥ ಬಟ್ಟೆ ತೊಡುವುದನ್ನೇ ಕಾನೂನು ಮಾಡಿ ತಡೆದರು. ನೂರು ವರ್ಷ ಕಳೆಯುವ ಹೊತ್ತಿಗೆ ಗಿರಣಿಯ ನೂಲು ಇತ್ತ ಹರಿದು ಬಂತು. ಮೊದಲು ಏಟು ಬಿದ್ದದ್ದು ರಾಟೆಗೆ. ಮಗ್ಗ ಸೊರಗಿದರೂ ಪೂರ್ತಿ ಸಾಯಲಿಲ್ಲ, ಗಿರಣಿ ನೂಲು ತಂದು ನೇಯುವುದನ್ನು ಕಲಿಯಿತು. ಇವತ್ತಿಗೂ ಇಳಕಲ್ಲಿನಂಥ ಊರಿನ ಕೈಮಗ್ಗಕ್ಕೆ ನೂಲು ಬರುವುದು ಗಿರಣಿಯಿಂದಲೇ. ನೂಲುವುದು ಮೊದಲು, ನೇಯುವುದು ಆಮೇಲೆ ಅನ್ನುವ ಕ್ರಮ ಇಲ್ಲೂ ಹಾಗೇ ನಡೆಯಿತು. ಇದು ನಮ್ಮ ಪ್ರಶ್ನೆಗೆ ಸೇರಿದ್ದರಿಂದ ಉಳಿಯಿತು. ಬ್ರಿಟಿಷ್ ಆಳ್ವಿಕೆಯ ಉಳಿದ ಕಥೆಗೆ ಇನ್ನೊಂದು ಐದು ನಿಮಿಷ ಬೇಕು.

ಓದಿ ನೋಡಿದಾಗ ಆರು ನಿಮಿಷ ದಾಟಿತು. ಇಂಥ ಹೊತ್ತಿನಲ್ಲಿ ಎಲ್ಲರೂ ಬೇಗಬೇಗ ಓದುವುದಕ್ಕೆ ಹೋಗುತ್ತಾರೆ. ಅದರಿಂದ ಉಳಿಯುವುದು ಹತ್ತಿಪ್ಪತ್ತು ಸೆಕೆಂಡು, ಹೋಗುವುದು ಇಡೀ ಅರ್ಥ. ಒಂದು ತುಂಡನ್ನೇ ತೆಗೆಯಬೇಕು. ನಾವು ಕಾರ್ಟ್‌ರೈಟನ ಯಂತ್ರಮಗ್ಗವನ್ನು ತೆಗೆದೆವು. ಅದು 1785ರದ್ದಾದರೂ ಜೋರಾಗಿ ಹಬ್ಬಿದ್ದು 1820ರ ನಂತರ, ಅದು ನೇಕಾರರ ಕಥೆ. ನೂಲಿನ ಪ್ರಶ್ನೆಗೆ ಬೇಕಾಗಿರಲಿಲ್ಲ. ಆಮೇಲೆ ಉದ್ದದ ನೋಟ್ಸನ್ನು ಪ್ರತಿ ಸ್ಲೈಡಿಗೆ ನಾಲ್ಕೈದು ಸುಳಿವು ಪದಗಳಿಗೆ ಇಳಿಸಿದಳು. ಎರಡನೇ ಸ್ಲೈಡಿನದು: 'ನೀಲಿ-ಕೆಂಪು, ಇಬ್ಬರು, ಹಗ್ಗ, ಒಂದೇ ಎಳೆ, ನಿಲ್ಲು.' ಪೂರ್ತಿ ನೋಟ್ಸ್ ಓದಿ ಅಭ್ಯಾಸ ಮಾಡುವುದಕ್ಕೆ, ಸುಳಿವು ಪದಗಳು ತರಗತಿಗೆ.

ಕಂಪ್ಯೂಟರಿನ ವಿಷಯ ಸ್ವಲ್ಪ. ಪವರ್‌ಪಾಯಿಂಟ್‌ನಲ್ಲಿ Rehearse Timings ಒತ್ತಿ ಅಭ್ಯಾಸ ಮಾಡಿದರೆ ಯಾವ ಸ್ಲೈಡಿಗೆ ಎಷ್ಟು ಹೊತ್ತು ಹೋಯಿತು ಅಂತ ಗೊತ್ತಾಗುತ್ತದೆ. ಆದರೆ ಆ ಹೊತ್ತನ್ನು ಸೇವ್ ಮಾಡಿದರೆ ತರಗತಿಯಲ್ಲಿ ಸ್ಲೈಡ್ ತಾನಾಗಿಯೇ ಮುಂದೆ ಓಡುತ್ತದೆ. Use Timings ಗುರುತು ತೆಗೆದಿರಬೇಕು. ನೋಟ್ಸ್ ತನಗೆ ಮಾತ್ರ ಕಾಣಬೇಕೆಂದರೆ ಪ್ರೊಜೆಕ್ಟರ್ Extend ಸ್ಥಿತಿಯಲ್ಲಿರಬೇಕು. ಎಷ್ಟೋ ಶಾಲೆಗಳಲ್ಲಿ ಇರುವುದು ಒಂದೇ ಪರದೆ, ಹಾಗಾಗಿ ಸುಳಿವು ಪದಗಳನ್ನು ಕಾರ್ಡಿನ ಮೇಲೆ ಬರೆದುಕೊಳ್ಳುವುದೇ ಕ್ಷೇಮ. ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಸ್ಲೈಡ್ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಓದಲಾಗದ ಗುರುತುಗಳಾಗಿ ಬರುತ್ತದೆ.

ಕೊನೆಯದಾಗಿ, ಮಿಸ್ ಕೇಳಬಹುದಾದ ಪ್ರಶ್ನೆಗೂ ಒಂದು ಕಾರ್ಡ್ ಬರೆದಿಟ್ಟೆವು: ಭಾರತದಲ್ಲಿ ಅಷ್ಟು ಒಳ್ಳೆಯ ನೂಲುವವರು ಇದ್ದರಲ್ಲ, ಜೆನ್ನಿ ಇಲ್ಲೇ ಯಾಕೆ ಹುಟ್ಟಲಿಲ್ಲ? ಉತ್ತರದ ಎರಡನೇ ಅರ್ಧ ಇದರಲ್ಲಿದೆ. ಯಂತ್ರ ಕೊಳ್ಳುವವನು ಅದರ ಬೆಲೆಯನ್ನೂ ಅದು ಉಳಿಸುವ ಕೂಲಿಯನ್ನೂ ತೂಗಿ ನೋಡುತ್ತಾನೆ. ಇಂಗ್ಲೆಂಡಿನಲ್ಲಿ ಕೂಲಿ ದುಬಾರಿಯಾಗಿತ್ತು, ಅಲ್ಲಿ ಯಂತ್ರಕ್ಕೆ ಹಾಕಿದ ದುಡ್ಡು ಬೇಗ ವಾಪಸ್ ಬಂತು. ಭಾರತದಲ್ಲಿ ನೂಲುವ ಹೆಂಗಸಿಗೆ ಸಿಗುತ್ತಿದ್ದ ಕೂಲಿ ಬಹಳ ಕಡಿಮೆ, ಅದನ್ನು ಉಳಿಸುವುದಕ್ಕೆ ಯಂತ್ರ ಕಟ್ಟಿದರೆ ಗಿಟ್ಟುತ್ತಿರಲಿಲ್ಲ. ಇದು ರಾಬರ್ಟ್ ಅಲೆನ್ ಅನ್ನುವ ಆರ್ಥಿಕ ಇತಿಹಾಸಕಾರರ ವಾದ. ಇಂಗ್ಲೆಂಡಿನಲ್ಲೂ ನೂಲುವ ಹೆಂಗಸರಿಗೆ ಅಷ್ಟೇನೂ ಸಿಗುತ್ತಿರಲಿಲ್ಲ ಅಂತ ಇದನ್ನು ಒಪ್ಪದ ಇತಿಹಾಸಕಾರರೂ ಇದ್ದಾರೆ. ಅವಳು ಕಾರ್ಡಿನ ಒಂದು ಕಡೆ ವಾದವನ್ನೂ ಇನ್ನೊಂದು ಕಡೆ ತಕರಾರನ್ನೂ ಬರೆದುಕೊಂಡಳು.